ಸ್ಟ್ರಿಪ್‌ನಲ್ಲಿ ರಕ್ತ, ಮೈಕ್ರೋಸ್ಕೋಪಿನಲ್ಲಿ ಕಣವೇ ಇಲ್ಲ: ಬೆಳಗಿನ ಕಪ್ಪು ಮೂತ್ರ ಮತ್ತು ಪಿಎನ್‌ಎಚ್

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಕೆಲವು ತಿಂಗಳಿಂದ ಬೆಳಗ್ಗೆ ಎದ್ದಾಗ ಮೂತ್ರ ಕಾಫಿ ಡಿಕಾಕ್ಷನ್ ಥರ ಹೋಗುತ್ತೆ, ಮಧ್ಯಾಹ್ನಕ್ಕೆ ತಿಳಿಯಾಗುತ್ತೆ. ಮೊದಲು ಕಾಮಾಲೆ ಅಂತ ಹಳ್ಳಿ ಔಷಧಿ ಕೊಡಿಸಿದೆವು. ಆಮೇಲೆ ಕಿಡ್ನಿ ಕಲ್ಲಿರಬಹುದು ಅಂತ ಸ್ಕ್ಯಾನ್ ಮಾಡಿಸಿದೆವು, ಏನೂ ಸಿಗಲಿಲ್ಲ. ಹಿಮೋಗ್ಲೋಬಿನ್ 6.4ಕ್ಕೆ ಇಳಿದಾಗ ಹೋದ ವಾರ ಎರಡು ಬಾಟ್ಲಿ ರಕ್ತ ಹಾಕಿದರು. ಈಗ ಹೆಮಟಾಲಜಿ ಡಾಕ್ಟರು ಪಿಎನ್‌ಎಚ್ ಅನುಮಾನ ಇದೆ, ಫ್ಲೋ ಸೈಟೊಮೆಟ್ರಿ ಮಾಡಿಸಿ, ರಕ್ತ ಹೆಪ್ಪುಗಟ್ಟೋ ಅಪಾಯವೂ ಇದೆ ಅಂದರು. ರಕ್ತವೇ ಕಮ್ಮಿ ಇರೋವಾಗ ಹೆಪ್ಪುಗಟ್ಟೋದು ಹೇಗೆ? ಬೇರೆಯವರ ರಕ್ತ ಹಾಕಿದ ಮೇಲೆ ಈ ಟೆಸ್ಟ್ ಸರಿಯಾಗಿ ಬರುತ್ತಾ? ಬೋನ್ ಮ್ಯಾರೋ ಮಾಡಿಸಿದರೆ ಸಾಕಾಗಲ್ವಾ? ನಾವು ಅಣ್ಣ ತಮ್ಮಂದಿರು, ಅಕ್ಕ ತಂಗಿಯರೂ ಮಾಡಿಸಬೇಕಾ? ರಿಪೋರ್ಟುಗಳನ್ನು ಕಳಿಸಿದ್ದೇನೆ.

ಉತ್ತರ: ಪಿಎನ್‌ಎಚ್ ಅಂದರೆ ಪ್ಯಾರಾಕ್ಸಿಸ್ಮಲ್ ನಾಕ್ಟರ್ನಲ್ ಹಿಮೋಗ್ಲೋಬಿನ್ಯೂರಿಯಾ, ಕೆಂಪು ರಕ್ತಕಣಗಳು ರಕ್ತನಾಳದ ಒಳಗೇ ಒಡೆದು ಅವುಗಳ ಹಿಮೋಗ್ಲೋಬಿನ್ ಮೂತ್ರಕ್ಕೆ ಬರುವ ಕಾಯಿಲೆ. ನೀವು ಕಳಿಸಿದ ರಿಪೋರ್ಟುಗಳಲ್ಲಿ ನನ್ನ ಕಣ್ಣು ಮೊದಲು ನಿಂತಿದ್ದು ಎಲ್ಲಕ್ಕಿಂತ ಅಗ್ಗದ ಟೆಸ್ಟಿನ ಮೇಲೆ, ಮಾಮೂಲಿ ಮೂತ್ರ ಪರೀಕ್ಷೆ. ಅದರಲ್ಲಿ ಎರಡು ಸಾಲುಗಳು ಒಂದಕ್ಕೊಂದು ಹೊಂದುತ್ತಿಲ್ಲ. ಸ್ಟ್ರಿಪ್ ಅದ್ದಿ ನೋಡಿದಾಗ ರಕ್ತ ಮೂರು ಪ್ಲಸ್. ಅದೇ ಮೂತ್ರವನ್ನು ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಕೆಂಪು ರಕ್ತಕಣ 0ರಿಂದ 1, ಅಂದರೆ ಇಲ್ಲವೆಂದೇ ಲೆಕ್ಕ. ಯಾರೂ ಇದನ್ನು ಗಮನಿಸದೆ ಕಲ್ಲು ಹುಡುಕಲು ಹೋಗಿದ್ದಾರೆ. ಕಲ್ಲಿನಿಂದ ರಕ್ತ ಬಂದಿದ್ದರೆ ಇಡೀ ಇಡೀ ಕಣಗಳೇ ಮೂತ್ರದಲ್ಲಿ ಕಾಣಬೇಕಿತ್ತು.

ಸ್ಟ್ರಿಪ್ ಕಣಗಳನ್ನು ಎಣಿಸುವುದಿಲ್ಲ. ಅದು ಹಿಮೋಗ್ಲೋಬಿನ್‌ಗೆ ಬಣ್ಣ ತಿರುಗುತ್ತದೆ. ಹಾಗಾಗಿ ಕಣವಿಲ್ಲದೆ ಸ್ಟ್ರಿಪ್ ಪಾಸಿಟಿವ್ ಬಂದರೆ, ಕಣಗಳು ರಕ್ತನಾಳದ ಒಳಗೇ ಒಡೆದು ಅವುಗಳ ಹಿಮೋಗ್ಲೋಬಿನ್ ಮಾತ್ರ ಕಿಡ್ನಿ ಮೂಲಕ ಸೋರಿ ಬರುತ್ತಿದೆ ಅಂತ ಅನುಮಾನಿಸಬೇಕು. ಇಲ್ಲಿ ಎರಡು ಮೋಸಗಳಿವೆ. ಮೂತ್ರವನ್ನು ಗಂಟೆಗಟ್ಟಲೆ ಹಾಗೇ ಇಟ್ಟರೆ ಅದರಲ್ಲಿದ್ದ ಕಣಗಳು ಬಾಟಲಿಯಲ್ಲೇ ಒಡೆದು ಹೋಗಿ ಇದೇ ಥರದ ರಿಪೋರ್ಟ್ ಬರಬಹುದು. ಆದ್ದರಿಂದ ಬೆಳಗಿನ ಮೊದಲ ಮೂತ್ರ ಹಿಡಿದು ಒಂದು ಗಂಟೆಯೊಳಗೆ ಲ್ಯಾಬಿಗೆ ಕೊಟ್ಟು ಇನ್ನೊಮ್ಮೆ ನೋಡಿಸಿ. ಇನ್ನೊಂದು, ಮಾಂಸಖಂಡ ಜಜ್ಜಿದಾಗ ಬರುವ ಮಯೋಗ್ಲೋಬಿನ್ ಕೂಡ ಸ್ಟ್ರಿಪ್‌ನಲ್ಲಿ ರಕ್ತ ಅಂತಲೇ ತೋರಿಸುತ್ತದೆ. ಸಿಪಿಕೆ ಎಂಬ ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ. ನಿಮ್ಮ ತಮ್ಮನ ಸಿಪಿಕೆ ನಾರ್ಮಲ್ ಇದೆ.

ಕಾಮಾಲೆ ಅಂದುಕೊಂಡಿದ್ದರಲ್ಲಿ ನಿಮ್ಮ ತಪ್ಪಿಲ್ಲ. ಕಣ್ಣು ಸ್ವಲ್ಪ ಹಳದಿ, ಮೂತ್ರ ಗಾಢ ಬಣ್ಣ, ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಲಿವರ್ ಕಾಮಾಲೆಯಲ್ಲಿ ಮೂತ್ರಕ್ಕೆ ಬಣ್ಣ ಕೊಡುವುದು ಪಿತ್ತ, ಅದು ರಿಪೋರ್ಟಿನಲ್ಲಿ ಕಾಣುತ್ತದೆ. ಇಲ್ಲಿ ಬೈಲ್ ಪಿಗ್ಮೆಂಟ್ ಇಲ್ಲ ಅಂತ ಬರೆದಿದ್ದಾರೆ. ಬಿಲಿರುಬಿನ್ 2.6 ಇದೆ, ಅದರಲ್ಲಿ 2.1 ಇನ್‌ಡೈರೆಕ್ಟ್. ಕಣ ಒಡೆದಾಗ ಏರುವುದು ಈ ಇನ್‌ಡೈರೆಕ್ಟ್ ಭಾಗವೇ. ಅದು ಮೂತ್ರಕ್ಕೆ ಇಳಿಯುವುದಿಲ್ಲ.

ಉಳಿದ ಅಂಕಿಗಳೂ ಇದೇ ದಿಕ್ಕಿಗೆ ಕೈ ತೋರಿಸುತ್ತವೆ. ಎಲ್‌ಡಿಎಚ್ 1,920. ಆ ಲ್ಯಾಬಿನ ಮೇಲಿನ ಮಿತಿ 250. ಕೆಂಪು ಕಣದ ಒಳಗೆ ಎಲ್‌ಡಿಎಚ್ ತುಂಬಿರುತ್ತದೆ, ಕಣ ಒಡೆದಾಗ ಅದೆಲ್ಲ ರಕ್ತಕ್ಕೆ ಚೆಲ್ಲುತ್ತದೆ. ಏಳೂವರೆ ಪಟ್ಟು ಏರಿದೆ ಅಂದರೆ ಒಡೆಯುವ ಕೆಲಸ ಜೋರಾಗಿಯೇ ನಡೆದಿದೆ. ಡಿಸಿಟಿ, ಅಂದರೆ ಡೈರೆಕ್ಟ್ ಕೂಂಬ್ಸ್, ನೆಗೆಟಿವ್. ಆಂಟಿಬಾಡಿ ಅಂಟಿಕೊಂಡು ಕಣ ಒಡೆಯುವ ಕಾಯಿಲೆಗಳಲ್ಲಿ ಅದು ಸಾಮಾನ್ಯವಾಗಿ ಪಾಸಿಟಿವ್ ಬರುತ್ತದೆ. ಇನ್ನು ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 8, ಬಹಳ ಕಮ್ಮಿ. ನನಗೆ ಬಹಳ ಮುಖ್ಯ ಅನಿಸಿದ್ದು ಇದು. ಕಣ ಒಡೆಯುವ ಬಹುತೇಕ ಕಾಯಿಲೆಗಳಲ್ಲಿ ಕಬ್ಬಿಣ ದೇಹದ ಒಳಗೇ ಉಳಿಯುತ್ತದೆ, ಮತ್ತೆ ಬಳಕೆಯಾಗುತ್ತದೆ. ಒಂದು ಕಡೆ ಕಣ ಒಡೆಯುತ್ತಿದೆ, ಇನ್ನೊಂದು ಕಡೆ ಕಬ್ಬಿಣ ಖಾಲಿಯಾಗುತ್ತಿದೆ ಅಂದರೆ ಅದು ಎಲ್ಲಿಂದಲೋ ಸೋರುತ್ತಿದೆ. ಇಲ್ಲಿ ಮೂತ್ರದಲ್ಲಿ, ದಿನಾ. ಮೂತ್ರದ ಹೀಮೋಸಿಡರಿನ್ ಅಂತ ಒಂದು ಸರಳ ಪರೀಕ್ಷೆ ಇದೆ. ಕಿಡ್ನಿಯಿಂದ ಉದುರಿದ ಜೀವಕೋಶಗಳಲ್ಲಿ ಸೇರಿಕೊಂಡ ಕಬ್ಬಿಣವನ್ನು ನೀಲಿ ಬಣ್ಣ ಹಾಕಿ ನೋಡುತ್ತಾರೆ. ಮೂತ್ರ ತಿಳಿಯಾಗಿರುವ ದಿನವೂ ಅದು ಪಾಸಿಟಿವ್ ಬರಬಹುದು. ಕೇಳಿ ಮಾಡಿಸಿ.

ಈಗ ಕಣ ಯಾಕೆ ಒಡೆಯುತ್ತದೆ ಅನ್ನುವುದಕ್ಕೆ ಬರೋಣ. ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದು ಪ್ರೋಟೀನುಗಳ ಗುಂಪು ಇದೆ. ಬ್ಯಾಕ್ಟೀರಿಯಾಗಳಿಗೆ ತೂತು ಕೊರೆದು ಕೊಲ್ಲುವುದು ಅದರ ಒಂದು ಕೆಲಸ. ಈ ವ್ಯವಸ್ಥೆ ಯಾವಾಗಲೂ ಸಣ್ಣಗೆ ಓಡುತ್ತಲೇ ಇರುತ್ತದೆ, ಯಾರ ಮೇಲೆ ಕೂರಬೇಕು ಅನ್ನುವ ಭೇದ ಅದಕ್ಕೆ ಅಷ್ಟಾಗಿ ಇಲ್ಲ. ಹಾಗಾಗಿ ನಮ್ಮ ಸ್ವಂತ ಕಣಗಳು ತಮ್ಮ ಮೈಮೇಲೆ ಕಾವಲು ಪ್ರೋಟೀನುಗಳನ್ನು ಇಟ್ಟುಕೊಂಡಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಎರಡು, ಸಿಡಿ55 ಮತ್ತು ಸಿಡಿ59. ಮೊದಲನೆಯದು ದಾಳಿಯನ್ನು ಶುರುವಿನಲ್ಲೇ ತಡೆಯುತ್ತದೆ. ಎರಡನೆಯದು ಕೊನೇ ಹಂತದಲ್ಲಿ, ತೂತು ಕೊರೆಯುವ ಹೊತ್ತಿಗೆ ಅಡ್ಡ ಬರುತ್ತದೆ.

ಈ ಎರಡೂ ಪ್ರೋಟೀನುಗಳು ಕಣದ ಹೊರಪೊರೆಗೆ ಜಿಪಿಐ ಎಂಬ ಕೊಂಡಿಯಿಂದ ಸಿಕ್ಕಿಕೊಂಡಿರುತ್ತವೆ. ಆ ಕೊಂಡಿ ತಯಾರಾಗಲು ಪಿಐಜಿಎ ಎಂಬ ಜೀನ್ ಬೇಕು. ಪಿಎನ್‌ಎಚ್‌ನಲ್ಲಿ ಅಸ್ಥಿಮಜ್ಜೆಯ ಒಂದು ಸ್ಟೆಮ್ ಸೆಲ್‌ನಲ್ಲಿ, ಹುಟ್ಟಿದ ಎಷ್ಟೋ ವರ್ಷಗಳ ನಂತರ, ಈ ಜೀನ್ ಕೆಡುತ್ತದೆ. ಈ ಜೀನ್ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಗಂಡಸರಿಗೆ ಇರುವುದೇ ಒಂದು ಎಕ್ಸ್, ಹೆಂಗಸರ ಪ್ರತಿ ಜೀವಕೋಶದಲ್ಲೂ ಕೆಲಸ ಮಾಡುವುದು ಒಂದೇ ಎಕ್ಸ್. ಹಾಗಾಗಿ ಯಾರಲ್ಲೇ ಆಗಲಿ ಒಂದೇ ಏಟಿಗೆ ಕೆಲಸ ಕೆಡುತ್ತದೆ. ಆ ಸ್ಟೆಮ್ ಸೆಲ್‌ನಿಂದ ಹುಟ್ಟುವ ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲವೂ ಕೊಂಡಿ ಇಲ್ಲದೆ ಹುಟ್ಟುತ್ತವೆ. ಕೊಂಡಿ ಇಲ್ಲ ಅಂದರೆ ಕಾವಲೂ ಇಲ್ಲ. ಕೆಂಪು ಕಣ ನಾಲ್ಕು ತಿಂಗಳು ಬಾಳಬೇಕಾದದ್ದು ಕೆಲವೇ ವಾರಗಳಲ್ಲಿ ಒಡೆದು ಹೋಗುತ್ತದೆ.

ಕೆಟ್ಟ ಒಂದು ಸೆಲ್ ಇಡೀ ಮಜ್ಜೆಯನ್ನು ಹೇಗೆ ಆಕ್ರಮಿಸಿತು ಅಂತ ಕೇಳಬಹುದು. ಆರೋಗ್ಯವಂತರಲ್ಲೂ ಇಂಥ ಕೆಲವು ಕಣಗಳು ಇರುತ್ತವೆ, ಅವುಗಳಿಂದ ಏನೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಮಜ್ಜೆಯ ಮೇಲೆ ಬೀಳುತ್ತದೆ. ಆ ದಾಳಿಯಿಂದ ಕೊಂಡಿ ಇಲ್ಲದ ಸೆಲ್‌ಗಳು ತಪ್ಪಿಸಿಕೊಂಡು, ಉಳಿದವು ಸತ್ತ ಜಾಗದಲ್ಲಿ ಬೆಳೆಯುತ್ತವೆ ಅನ್ನುವುದು ಈಗ ಹೆಚ್ಚಿನವರು ಒಪ್ಪುವ ವಿವರಣೆ. ಅದಕ್ಕೇ ಪಿಎನ್‌ಎಚ್ ಮತ್ತು ಮಜ್ಜೆ ಸೊರಗಿ ಕಣಗಳು ಸಾಕಷ್ಟು ಹುಟ್ಟದ ಅಪ್ಲಾಸ್ಟಿಕ್ ಅನೀಮಿಯಾ ಎಷ್ಟೋ ಸಲ ಜೊತೆಜೊತೆಗೆ ಬರುತ್ತವೆ. ನಿಮ್ಮ ತಮ್ಮನ ಬಿಳಿ ಕಣ 3,300, ಪ್ಲೇಟ್‌ಲೆಟ್ 88,000. ಎರಡೂ ಕಮ್ಮಿ. ರೆಟಿಕ್ಯುಲೋಸೈಟ್, ಅಂದರೆ ಹೊಸದಾಗಿ ಹುಟ್ಟಿದ ಕೆಂಪು ಕಣ, 7% ಅನ್ನುವುದು ನೋಡಲು ಜಾಸ್ತಿ, ಆದರೆ ಹಿಮೋಗ್ಲೋಬಿನ್ 6.4 ಇರುವವನಲ್ಲಿ ಮಜ್ಜೆ ಇನ್ನೂ ಜೋರಾಗಿ ದುಡಿಯಬೇಕಿತ್ತು. ಅಲ್ಲೂ ಏನೋ ಸೊರಗಿದೆ ಅನ್ನುವ ಅನುಮಾನ ಬರುತ್ತದೆ.

ಬೆಳಗ್ಗೆಯೇ ಯಾಕೆ? 1882ರಲ್ಲಿ ಪೌಲ್ ಸ್ಟ್ರೂಬಿಂಗ್ ಎಂಬ ಜರ್ಮನ್ ವೈದ್ಯರು 29 ವರ್ಷದ ಬಂಡಿ ಕೆಲಸಗಾರನೊಬ್ಬನಲ್ಲಿ ಈ ಕಾಯಿಲೆಯನ್ನು ವಿವರವಾಗಿ ಬರೆದರು. ನಿದ್ದೆಯಲ್ಲಿ ರಕ್ತ ಸ್ವಲ್ಪ ಆಮ್ಲೀಯವಾಗಿ ಕಣ ಒಡೆಯುತ್ತದೆ ಅಂತ ಅವರ ಊಹೆ. 1930ರ ದಶಕದಲ್ಲಿ ಥಾಮಸ್ ಹ್ಯಾಮ್, ಆಮ್ಲ ಸೇರಿಸಿದ ಸೀರಮ್‌ನಲ್ಲಿ ಈ ರೋಗಿಗಳ ಕಣ ಒಡೆಯುತ್ತವೆ ಅಂತ ತೋರಿಸಿದರು. ಹ್ಯಾಮ್ ಟೆಸ್ಟ್ ಅಂತ ಅದೇ ಪರೀಕ್ಷೆ ದಶಕಗಳ ಕಾಲ ನಡೆಯಿತು. ಈಗ ತಿಳಿದಿರುವಂತೆ ಕಣ ಒಡೆಯುವುದು ಇಡೀ ದಿನ ನಡೆಯುತ್ತದೆ. ರಾತ್ರಿ ನೀರು ಕುಡಿಯುವುದಿಲ್ಲ, ಮೂತ್ರ ಗಟ್ಟಿಯಾಗಿ ಗಂಟೆಗಟ್ಟಲೆ ಒಳಗೇ ನಿಲ್ಲುತ್ತದೆ, ಹಾಗಾಗಿ ಬೆಳಗ್ಗೆ ಬಣ್ಣ ಎದ್ದು ಕಾಣುತ್ತದೆ. ಮಧ್ಯಾಹ್ನ ಮೂತ್ರ ತಿಳಿಯಾಯಿತು ಅಂದರೆ ಒಡೆಯುವುದು ನಿಂತಿತು ಅಂತ ಅರ್ಥವಲ್ಲ. ಶುರುವಿನಲ್ಲಿ ಕಪ್ಪು ಮೂತ್ರ ಬರುವುದೇ ಸುಮಾರು ನಾಲ್ಕರಲ್ಲಿ ಒಬ್ಬರಿಗೆ. ಉಳಿದವರಿಗೆ ಸುಸ್ತು, ಅನೀಮಿಯಾ, ಇಲ್ಲವೇ ನೇರವಾಗಿ ಹೆಪ್ಪೇ ಕಾಣಿಸಿಕೊಳ್ಳುತ್ತದೆ. ಒಂದು ಕೆಲಸ ಮಾಡಿ. ಬೆಳಗಿನ ಮೂತ್ರ, ಮಧ್ಯಾಹ್ನದ ಮೂತ್ರ ಎರಡನ್ನೂ ಪಾರದರ್ಶಕ ಡಬ್ಬಿಯಲ್ಲಿ ಹಿಡಿದು, ಪಕ್ಕಪಕ್ಕ ಇಟ್ಟು, ತಾರೀಕು ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರಿಗೆ ಬಾಯಲ್ಲಿ ಹೇಳುವುದಕ್ಕಿಂತ ಅದು ವಾಸಿ.

ಹೆಪ್ಪಿನ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಈ ಕಾಯಿಲೆಯಲ್ಲಿ ಜೀವಕ್ಕೆ ಕುತ್ತು ತರುವುದು ಬಹುಪಾಲು ಅದೇ. ಕಾಂಪ್ಲಿಮೆಂಟ್ ತಡೆಯುವ ಔಷಧಿಗಳು ಬರುವ ಮೊದಲು ಪಿಎನ್‌ಎಚ್ ಸಾವುಗಳಿಗೆ ಮೊದಲ ಕಾರಣ ಹೆಪ್ಪೇ ಆಗಿತ್ತು. ರಕ್ತ ಕಮ್ಮಿ ಇರುವುದಕ್ಕೂ ಹೆಪ್ಪುಗಟ್ಟುವುದಕ್ಕೂ ವಿರೋಧವಿಲ್ಲ. ಪ್ಲೇಟ್‌ಲೆಟ್‌ಗೂ ಕಾವಲು ಪ್ರೋಟೀನ್ ಇಲ್ಲ ಅಂದೆನಲ್ಲ. ಕಾಂಪ್ಲಿಮೆಂಟ್ ಬಂದು ಬಡಿದಾಗ ಪ್ಲೇಟ್‌ಲೆಟ್ ಸುಮ್ನೆ ಸಾಯುವುದಿಲ್ಲ, ಕೆರಳುತ್ತದೆ. ಹೆಪ್ಪುಗಟ್ಟಿಸುವ ಚೂರುಗಳನ್ನು ರಕ್ತಕ್ಕೆ ಬಿಡುತ್ತದೆ. ಇದರ ಜೊತೆಗೆ, ಒಡೆದ ಕಣಗಳಿಂದ ಬಂದ ಹಿಮೋಗ್ಲೋಬಿನ್ ರಕ್ತದಲ್ಲಿರುವ ನೈಟ್ರಿಕ್ ಆಕ್ಸೈಡನ್ನು ಹೀರಿಬಿಡುತ್ತದೆ. ರಕ್ತನಾಳವನ್ನು ಸಡಿಲವಾಗಿಡುವುದು, ಪ್ಲೇಟ್‌ಲೆಟ್‌ಗಳನ್ನು ಶಾಂತವಾಗಿಡುವುದು ಆ ನೈಟ್ರಿಕ್ ಆಕ್ಸೈಡೇ. ಅದು ಕಮ್ಮಿಯಾದರೆ ಹೊಟ್ಟೆ ಹಿಂಡಿದ ಹಾಗೆ ನೋವು, ನುಂಗುವಾಗ ಎದೆಯಲ್ಲಿ ಹಿಡಿದ ಹಾಗೆ ಅನಿಸುವುದು, ಗಂಡಸರಲ್ಲಿ ನಿಮಿರುವಿಕೆಯ ತೊಂದರೆ, ಇವೆಲ್ಲ ಬರುತ್ತವೆ. ಕೊನೆಯದನ್ನು ಮನೆಯವರ ಎದುರು ಯಾರೂ ಹೇಳುವುದಿಲ್ಲ, ಡಾಕ್ಟರ ಹತ್ತಿರ ಒಬ್ಬನೇ ಮಾತಾಡಲು ಬಿಡಿ.

ಹೆಪ್ಪು ಕೂರುವ ಜಾಗಗಳೂ ವಿಚಿತ್ರ. ಸಾಮಾನ್ಯವಾಗಿ ನಾವು ಕಾಲಿನ ರಕ್ತನಾಳ ನೋಡುತ್ತೇವೆ. ಇಲ್ಲಿ ಲಿವರ್‌ನಿಂದ ರಕ್ತ ಹೊರತರುವ ಅಭಿಧಮನಿಗಳು, ಕರುಳಿನ ಅಭಿಧಮನಿಗಳು, ಮೆದುಳಿನ ಅಭಿಧಮನಿಗಳು ಕಟ್ಟಿಕೊಳ್ಳುವುದು ಹೆಚ್ಚು. ಲಿವರ್‌ನದ್ದು ಕಟ್ಟಿದರೆ ಬಲ ಪಕ್ಕೆಯ ಕೆಳಗೆ ನೋವು, ಕೆಲವೇ ದಿನಗಳಲ್ಲಿ ಹೊಟ್ಟೆ ಊದಿ ನೀರು ತುಂಬುವುದು. ಇದಕ್ಕೆ ಬಡ್-ಕಿಯಾರಿ ಅನ್ನುತ್ತಾರೆ. ಮೆದುಳಿನದ್ದಾದರೆ ಎಂದೂ ಇಲ್ಲದಂಥ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಫಿಟ್ಸ್. ಇಂಥದ್ದು ಬಂದರೆ ಗ್ಯಾಸ್ ಅಂತಲೋ ಮೈಗ್ರೇನ್ ಅಂತಲೋ ಮಾತ್ರೆ ನುಂಗಿಸಿ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ, ಪಿಎನ್‌ಎಚ್ ಅನುಮಾನ ಇದೆ ಅಂತ ಮೊದಲ ಮಾತಿಗೇ ಹೇಳಿ. ನಿಮ್ಮ ಹತ್ತಿರ ಇರುವುದು ಕಲ್ಲು ಹುಡುಕಲು ಮಾಡಿದ ಸ್ಕ್ಯಾನ್. ಅದರಲ್ಲಿ ಲಿವರ್ ಅಭಿಧಮನಿಗಳ ರಕ್ತದ ಹರಿವಿನ ಬಗ್ಗೆ ಒಂದು ಅಕ್ಷರವೂ ಇಲ್ಲ. ಅದನ್ನು ನೋಡಲು ಡಾಪ್ಲರ್ ಅಂತ ಬೇರೆಯಾಗಿ ಬರೆದುಕೊಡಬೇಕು. ಹೊಟ್ಟೆ ನೋವು ಇದ್ದರೆ ಖಂಡಿತ ಕೇಳಿ. ಪ್ಲೇಟ್‌ಲೆಟ್ 88,000 ಇದೆ, ಹಾಗಾಗಿ ಹೆಪ್ಪುಗಟ್ಟಲ್ಲ ಅನ್ನುವ ಧೈರ್ಯ ಬೇಡ.

ಇನ್ನು ಫ್ಲೋ ಸೈಟೊಮೆಟ್ರಿ. ಬೋನ್ ಮ್ಯಾರೋ ಇದರ ಬದಲಿಗೆ ಆಗುವುದಿಲ್ಲ. ಮಜ್ಜೆ ಎಷ್ಟು ಸೊರಗಿದೆ, ಬೇರೆ ಕಾಯಿಲೆ ಏನಾದರೂ ಸೇರಿದೆಯಾ ಅಂತ ನೋಡಲು ಅದು ಬೇಕಾಗಬಹುದು, ನಿಮ್ಮ ತಮ್ಮನ ಅಂಕಿಗಳಿಗೆ ಬೇಕಾಗುತ್ತದೆ ಅಂತಲೇ ನನ್ನ ಅಂದಾಜು. ಆದರೆ ಕೊಂಡಿ ಇದೆಯೋ ಇಲ್ಲವೋ ಅಂತ ನೋಡುವುದು ಕೈಯಿಂದ ತೆಗೆದ ರಕ್ತದಲ್ಲಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಕೆಲವು ಮಿಲಿಲೀಟರ್ ರಕ್ತ ಸಾಕು.

ಲ್ಯಾಬಿನಲ್ಲಿ ಮಾಡುವುದು ಇಷ್ಟು. ಬಿಳಿ ಕಣಗಳಿಗೆ ಫ್ಲೇರ್ ಎಂಬ ಹೊಳೆಯುವ ಪದಾರ್ಥ ಬೆರೆಸುತ್ತಾರೆ. ಅದು ಒಂದು ಬ್ಯಾಕ್ಟೀರಿಯಾದ ವಿಷದಿಂದ ಮಾಡಿದ್ದು, ವಿಷದ ಗುಣ ತೆಗೆದುಹಾಕಿ ಬಣ್ಣ ಅಂಟಿಸಿರುತ್ತಾರೆ. ಆ ವಿಷ ಅಂಟಿಕೊಳ್ಳುವುದು ನೇರವಾಗಿ ಜಿಪಿಐ ಕೊಂಡಿಗೇ. ಕೊಂಡಿ ಇರುವ ಕಣ ಹೊಳೆಯುತ್ತದೆ, ಇಲ್ಲದ್ದು ಹೊಳೆಯುವುದಿಲ್ಲ. ಒಂದೊಂದೇ ಕಣ ಲೇಸರ್ ಬೆಳಕಿನ ಮುಂದೆ ಹಾದು ಹೋಗುತ್ತದೆ, ಮೆಷಿನ್ ಸಾವಿರಾರು ಕಣಗಳನ್ನು ಎಣಿಸುತ್ತದೆ. ನ್ಯೂಟ್ರೋಫಿಲ್ ಮತ್ತು ಮೊನೊಸೈಟ್ ಎಂಬ ಎರಡು ಬಗೆಯ ಬಿಳಿ ಕಣಗಳಲ್ಲೂ, ಫ್ಲೇರ್ ಜೊತೆ ಕೊಂಡಿಗೆ ನೇತುಬಿದ್ದ ಇನ್ನೊಂದು ಪ್ರೋಟೀನನ್ನೂ ನೋಡಿ, ಎರಡೂ ಇಲ್ಲ ಅಂತಾದರೆ ಆಗ ಒಪ್ಪುತ್ತಾರೆ. ಕೆಂಪು ಕಣಗಳನ್ನು ಬೇರೆಯಾಗಿ ಸಿಡಿ59ರಿಂದ ನೋಡುತ್ತಾರೆ. ಸಿಡಿ59 ಪೂರ್ತಿ ಇದ್ದರೆ ಟೈಪ್ 1, ಅರ್ಧಂಬರ್ಧ ಇದ್ದರೆ ಟೈಪ್ 2, ಏನೂ ಇಲ್ಲದಿದ್ದರೆ ಟೈಪ್ 3. ಬೇಗ ಒಡೆಯುವುದು ಟೈಪ್ 3.

ರಕ್ತ ಹಾಕಿದ ಮೇಲೆ ಟೆಸ್ಟ್ ಸರಿ ಬರುತ್ತಾ ಅಂದಿರಿ. ಬಹಳ ಒಳ್ಳೆಯ ಪ್ರಶ್ನೆ, ಅರ್ಧ ಹೌದು, ಅರ್ಧ ಇಲ್ಲ. ದಾನಿಯ ಕೆಂಪು ಕಣಗಳಿಗೆ ಸಿಡಿ59 ಇದೆ. ಅವು ಬೆರೆತಿರುವುದರಿಂದ ಕೊಂಡಿ ಇಲ್ಲದ ಕೆಂಪು ಕಣಗಳ ಶೇಕಡಾವಾರು ಸುಳ್ಳೇ ಕಮ್ಮಿ ಬರುತ್ತದೆ. ಸಾಲದ್ದಕ್ಕೆ ಟೈಪ್ 3 ಕಣಗಳು ದಿನಾ ಒಡೆದು ಖಾಲಿಯಾಗುತ್ತಿರುತ್ತವೆ. ಆದರೆ ಬಿಳಿ ಕಣಗಳ ಲೆಕ್ಕವನ್ನು ಎರಡು ಬಾಟ್ಲಿ ರಕ್ತ ಕೆಡಿಸುವುದಿಲ್ಲ, ಕಾಂಪ್ಲಿಮೆಂಟ್ ಕೂಡ ಅವನ್ನು ಕೆಂಪು ಕಣಗಳಷ್ಟು ಸುಲಭವಾಗಿ ಕೊಲ್ಲುವುದಿಲ್ಲ. ಕೊಂಡಿ ಇಲ್ಲದ ಕಣಗಳ ಪಾಲು ರಿಪೋರ್ಟಿನಲ್ಲಿ ಹೀಗೆ ಬಂತು ಅಂದುಕೊಳ್ಳಿ: ನ್ಯೂಟ್ರೋಫಿಲ್ 76%, ಮೊನೊಸೈಟ್ 79%, ಕೆಂಪು ಕಣ 14%. ಕೆಂಪು ಕಣ 14 ಮಾತ್ರ, ಚಿಕ್ಕ ಕಾಯಿಲೆ ಅಂತ ಸಮಾಧಾನ ಮಾಡಿಕೊಳ್ಳಬಾರದು. ನಿಜವಾದ ಅಳತೆ 76ರ ಆಸುಪಾಸು. ನ್ಯೂಟ್ರೋಫಿಲ್ ಅಂಕಿ 50% ದಾಟಿದವರಲ್ಲಿ ಹೆಪ್ಪಿನ ಅಪಾಯ ಗಣನೀಯವಾಗಿ ಜಾಸ್ತಿ ಅನ್ನುವುದು ಗೊತ್ತಿರುವ ವಿಷಯ. ತದ್ವಿರುದ್ಧವಾಗಿ ನ್ಯೂಟ್ರೋಫಿಲ್ ಅಂಕಿ 1%ಕ್ಕಿಂತ ಕಮ್ಮಿ ಬಂತು ಅಂದರೆ, ಅಷ್ಟು ಚಿಕ್ಕ ಗುಂಪಿನಿಂದ ಎಲ್‌ಡಿಎಚ್ 1,920 ಆಗಲಾರದು. ಆಗ ಜಿ6ಪಿಡಿ ಎಂಬ ಕಿಣ್ವದ ಕೊರತೆ, ಮಲೇರಿಯಾದಂಥ ಬೇರೆ ಕಾರಣ ಹುಡುಕಬೇಕು. ಹಾಗಾಗಿ ಕಾಯಬೇಡಿ, ಈಗಲೇ ಮಾಡಿಸಿ. ಆದರೆ ರಕ್ತ ಹಾಕಿದ ತಾರೀಕನ್ನು ಲ್ಯಾಬಿನ ಫಾರಂನಲ್ಲಿ ಬರೆಸಿ. ಬರೀ ಕೆಂಪು ಕಣ ನೋಡಿ ಕೊಟ್ಟ ರಿಪೋರ್ಟನ್ನು, ಅದರಲ್ಲೂ ನೆಗೆಟಿವ್ ಬಂದರೆ, ಒಪ್ಪಬೇಡಿ.

ಸ್ಯಾಂಪಲ್ ಸಾಗಿಸುವುದರಲ್ಲೂ ಎಡವಟ್ಟಾಗುತ್ತದೆ. ಬಿಳಿ ಕಣಗಳು ಬೇಗ ಕೆಡುತ್ತವೆ. 24 ಗಂಟೆಯೊಳಗೆ ಮೆಷಿನ್ ಮುಂದೆ ಹೋದರೆ ಒಳ್ಳೆಯದು, 48 ಗಂಟೆ ದಾಟಬಾರದು. ಊರಿನ ಲ್ಯಾಬಿನಲ್ಲಿ ಶನಿವಾರ ಸಂಜೆ ರಕ್ತ ಕೊಟ್ಟರೆ ಅದು ಭಾನುವಾರವೆಲ್ಲ ಅಲ್ಲೇ ಕೂರುತ್ತದೆ. ವಾರದ ಮೊದಲ ದಿನಗಳಲ್ಲಿ ಬೆಳಗ್ಗೆ ಕೊಡಿ. ಎಲ್ಲಿಗೆ ಕಳಿಸುತ್ತೀರಿ, ಯಾವಾಗ ತಲುಪುತ್ತದೆ, ಫ್ಲೇರ್ ಬಳಸುತ್ತಾರಾ ಅಂತ ಮೊದಲೇ ಕೇಳಿ. ಆಗುವುದಾದರೆ ತಮ್ಮನನ್ನೇ ಆ ಟೆಸ್ಟ್ ಮಾಡುವ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿಕಿತ್ಸೆ ಬಗ್ಗೆ ನೀವು ಕೇಳಿಲ್ಲ, ರಿಪೋರ್ಟ್ ಬರುವ ಮೊದಲು ಉದ್ದಕ್ಕೆ ಹೇಳುವುದೂ ಸರಿಯಲ್ಲ. ಇಷ್ಟು ಸಾಕು: 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಕುಲಿಜುಮ್ಯಾಬ್ ಕಾಂಪ್ಲಿಮೆಂಟಿನ ಸಿ5 ಎಂಬ ಪ್ರೋಟೀನನ್ನು ತಡೆದು ಕಣ ಒಡೆಯುವುದನ್ನೂ ಹೆಪ್ಪನ್ನೂ ಬಹಳ ಇಳಿಸಿತು. ಆಮೇಲೆ ಬಾಯಲ್ಲಿ ನುಂಗುವ ಇಪ್ಟಕೋಪಾನ್ ಕೂಡ ಬಂತು. ಎಲ್ಲವೂ ಸಾಮಾನ್ಯ ಕುಟುಂಬಕ್ಕೆ ನಿಲುಕದಷ್ಟು ದುಬಾರಿ. ಇವು ಕಾಂಪ್ಲಿಮೆಂಟನ್ನು ಕಟ್ಟಿಹಾಕುವುದರಿಂದ ಮೆನಿಂಜೋಕಾಕಸ್ ಎಂಬ ಬ್ಯಾಕ್ಟೀರಿಯಾಕ್ಕೆ ದಾರಿ ಬಿಟ್ಟ ಹಾಗಾಗುತ್ತದೆ. ಅದಕ್ಕೇ ಮೊದಲೇ ಲಸಿಕೆ ಹಾಕಿಸಬೇಕು, ಔಷಧಿಯಲ್ಲಿರುವಾಗ ಜ್ವರ ಬಂದರೆ ಅದೇ ಗಂಟೆಗೆ ಆಸ್ಪತ್ರೆಗೆ ಓಡಬೇಕು. ಸದ್ಯಕ್ಕೆ ಡಾಕ್ಟರು ಕಬ್ಬಿಣದ ಮಾತ್ರೆ, ಫೋಲಿಕ್ ಆಸಿಡ್ ಕೊಟ್ಟಿದ್ದರೆ ನಿಲ್ಲಿಸಬೇಡಿ. ಕಬ್ಬಿಣ ಶುರು ಮಾಡಿದ ಮೇಲೆ ಹೊಸ ಕಣಗಳು ಜಾಸ್ತಿ ಹುಟ್ಟಿ, ಅವೂ ಒಡೆದು, ಕೆಲವು ದಿನ ಮೂತ್ರ ಇನ್ನಷ್ಟು ಕಪ್ಪಾಗಬಹುದು. ಡಾಕ್ಟರಿಗೆ ತಿಳಿಸಿ, ನೀವೇ ಮಾತ್ರೆ ಬಿಡಿಸಬೇಡಿ. ಕಾಮಾಲೆ ಔಷಧಿಯನ್ನು ಮಾತ್ರ ನಿಲ್ಲಿಸಿ. ಅದರಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ದಾಗ ಲಿವರ್ ರಿಪೋರ್ಟ್ ಏರಿದರೆ ಹೆಪ್ಪಿನಿಂದಲೋ ಔಷಧಿಯಿಂದಲೋ ಹೇಳುವುದು ಕಷ್ಟ.

ನಿಮ್ಮ ಕೊನೇ ಪ್ರಶ್ನೆ. ಇದು ತಂದೆ ತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ, ಹಾಗಾಗಿ ನೀವು ಯಾರೂ ಪಿಎನ್‌ಎಚ್ ಟೆಸ್ಟ್ ಮಾಡಿಸಬೇಕಾಗಿಲ್ಲ. ಆದರೆ ಮಜ್ಜೆ ಬಹಳ ಸೊರಗಿದೆ ಅಂತ ಬಂದರೆ ಅಸ್ಥಿಮಜ್ಜೆ ಕಸಿಯ ಮಾತು ಬರಬಹುದು. ಆಗ ಮೊದಲು ಹುಡುಕುವುದು ಒಡಹುಟ್ಟಿದವರಲ್ಲಿ, ಒಬ್ಬೊಬ್ಬರಿಗೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಆ ಕಾರಣಕ್ಕೆ ಈಗ ಒಂದು ಎಚ್ಚರಿಕೆ: ತಮ್ಮನಿಗೆ ಮತ್ತೆ ರಕ್ತ ಬೇಕಾದರೆ ಮನೆಯವರ ರಕ್ತವನ್ನೇ ಅವನಿಗೆ ಹಾಕಿಸಬೇಡಿ. ಅವನ ದೇಹ ನಿಮ್ಮ ಕಣಗಳ ವಿರುದ್ಧ ಆಂಟಿಬಾಡಿ ಬೆಳೆಸಿಕೊಂಡರೆ ಮುಂದೆ ನಿಮ್ಮದೇ ಮಜ್ಜೆಯನ್ನು ತಿರಸ್ಕರಿಸುವ ಸಾಧ್ಯತೆ ಹೆಚ್ಚುತ್ತದೆ. ಬ್ಲಡ್ ಬ್ಯಾಂಕಿಗೆ ಬದಲಿ ರಕ್ತ ಕೊಡಿ, ಅದು ಬೇರೆಯವರಿಗೆ ಹೋಗಲಿ, ಅವನಿಗೆ ಸಂಬಂಧವಿಲ್ಲದ ದಾನಿಯದ್ದು ಬರಲಿ. ಬ್ಯಾಂಕಿನವರಿಗೆ ಇದನ್ನು ಬಾಯಿ ಬಿಟ್ಟು ಹೇಳಿ, ಫಾರಂನಲ್ಲೂ ಬರೆಸಿ.